ಗದ್ಯಭಾಗದ ಪ್ರಶ್ನೆ: ಮೊದಲು ಕಟ್ಟು ನೋಡಿ, ಆಮೇಲೆ ಆಯ್ಕೆ

ನಮಗೆ ಗೊತ್ತಿರುವ ವಿಷಯದ ಗದ್ಯಭಾಗ ಬಂದಾಗಲೇ ಹೆಚ್ಚು ಎಚ್ಚರ ಬೇಕು. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಪರಿಚಿತವಾದ ವಿಷಯದ ಮೇಲೆ ಅಭ್ಯಾಸಕ್ಕೆಂದೇ ಬರೆದ ಈ ಭಾಗ ನೋಡಿ:

"ಅಡಿಕೆಗೆ ಕೊಳೆರೋಗ ಬಾರದಿರಲೆಂದು ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಅದು ಮಳೆನೀರನ್ನು ತಡೆಯುತ್ತಿತ್ತು, ಆದರೆ ಕೆಲಸ ಬಹಳ ಹಿಡಿಯುತ್ತಿತ್ತು. ಬೋರ್ಡೋ ದ್ರಾವಣ ಬಂದ ಮೇಲೆ ಹೆಚ್ಚಿನ ಬೆಳೆಗಾರರು ಸಿಂಪಡಣೆಗೆ ಹೊರಳಿದರು. ಆದರೂ ದ್ರಾವಣ ರೋಗ ಬಾರದಂತೆ ತಡೆಯುತ್ತದೆಯೇ ಹೊರತು ಕೊಳೆತ ಕಾಯನ್ನು ಉಳಿಸುವುದಿಲ್ಲ. ಹಾಗಾಗಿ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆಯೇ ಆಗಬೇಕು."

ಪ್ರಶ್ನೆ: ಲೇಖಕರ ಮುಖ್ಯ ವಾದ ಯಾವುದು?

ಅ) ಕೊಟ್ಟೆ ಕಟ್ಟುವುದರಿಂದ ಉಪಯೋಗವಿರಲಿಲ್ಲ.
ಆ) ಬೋರ್ಡೋ ಸಿಂಪಡಿಸಿದ ತೋಟಕ್ಕೆ ಕೊಳೆರೋಗ ಎಂದೂ ಬರುವುದಿಲ್ಲ.
ಇ) ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಬೇಕು.
ಈ) ದ್ರಾವಣ ಫಲ ಕೊಡಬೇಕಾದರೆ ಸಕಾಲದಲ್ಲಿ ಸಿಂಪಡಿಸಬೇಕು.

ಆಯ್ಕೆ ನೋಡುವ ಮೊದಲು ಪ್ರತಿ ವಾಕ್ಯದ ಕೆಲಸವನ್ನು ಒಂದೆರಡು ಪದದಲ್ಲಿ ಅಂಚಿಗೆ ಬರೆದುಕೊಳ್ಳಿ: ಹಳೆ ಕ್ರಮ, ಅದರ ಗುಣ-ತೊಡಕು, ಹೊಸ ಕ್ರಮ, ಅದರ ಮಿತಿ, ತೀರ್ಮಾನ. ಇಲ್ಲಿ ತಿರುವು ಎರಡು ಕಡೆ ಇದೆ, 'ಆದರೆ' ಮತ್ತು 'ಆದರೂ'. ಎರಡಕ್ಕೂ ಒಂದೇ ತೂಕ ಕೊಟ್ಟರೆ ದಾರಿ ತಪ್ಪುತ್ತದೆ. 'ಹಾಗಾಗಿ' ಯಾವುದರ ಮೇಲೆ ನಿಂತಿದೆ ಎಂದು ಹಿಂದಕ್ಕೆ ಹೋಗಿ ನೋಡಿ. ಅದು ನಿಂತಿರುವುದು ದ್ರಾವಣದ ಮಿತಿಯ ಮೇಲೆ, ಕೊಟ್ಟೆಯ ಶ್ರಮದ ಮೇಲಲ್ಲ. ಮೊದಲ ಮೂರು ವಾಕ್ಯ ಬರೀ ಹಿನ್ನೆಲೆ. ಈಗ ಆಯ್ಕೆಗಳನ್ನು ಮುಚ್ಚಿಟ್ಟು ಉತ್ತರವನ್ನು ನಿಮ್ಮದೇ ಮಾತಿನಲ್ಲಿ ಹೇಳಿಕೊಳ್ಳಿ: "ಮಳೆಗೆ ಮುಂಚೆ ಹೊಡೆದರಷ್ಟೇ ಪ್ರಯೋಜನ." ಇದಕ್ಕೆ ಹೊಂದುವುದು (ಈ).

ಉಳಿದವು ಯಾಕೆ ಸೆಳೆಯುತ್ತವೆ? (ಅ) 'ಕೆಲಸ ಹೆಚ್ಚು' ಎಂಬುದನ್ನು 'ಉಪಯೋಗವಿಲ್ಲ' ಎಂದು ಹಿಗ್ಗಿಸಿದೆ, ಮಳೆನೀರು ತಡೆಯುತ್ತಿತ್ತು ಎಂಬ ಮಾತನ್ನು ಮರೆಸಿದೆ. (ಆ) ದಲ್ಲಿ 'ತಡೆಯುತ್ತದೆ' ಎಂಬುದಕ್ಕೆ 'ಎಂದೂ' ಅಂಟಿಕೊಂಡಿದೆ. ಇಂಥ ಪದವಿದ್ದ ಮಾತ್ರಕ್ಕೆ ಆಯ್ಕೆ ತಪ್ಪಲ್ಲ. ಗದ್ಯಭಾಗವೇ ಅಷ್ಟು ಖಡಾಖಂಡಿತವಾಗಿ ಹೇಳಿದ್ದರೆ ಅದೇ ಸರಿ. ಇಲ್ಲಿ ಹೇಳಿಲ್ಲ, ಅಷ್ಟೇ.

ತೋಟದ ಮನೆಯವರನ್ನು ಬೀಳಿಸುವುದು (ಇ). ಅಳತೆ ನಿಜವೇ, ದ್ರಾವಣ ಕಲಸುವಲ್ಲಿ ನಿಂತವರಿಗೆ ಬಾಯಿಪಾಠವೂ ಹೌದು. ಆದರೆ ಗದ್ಯಭಾಗದಲ್ಲಿ ಅದರ ಸುಳಿವೇ ಇಲ್ಲ. ಆಯ್ಕೆ ಓದಿದ ಕೂಡಲೇ "ಹೌದು, ಗೊತ್ತು" ಎನ್ನಿಸಿತೇ? ಅದಕ್ಕೆ ಆಧಾರವಾದ ವಾಕ್ಯದ ಮೇಲೆ ಬೆರಳಿಡಿ. ಬೆರಳಿಡಲು ಜಾಗ ಸಿಗದಿದ್ದರೆ ಬಿಟ್ಟುಬಿಡಿ.

ಪದದ ಅರ್ಥ ಅಥವಾ ಬಿಡಿ ವಿವರ ಕೇಳಿದಾಗ ಈ ಅಂಚಿನ ಟಿಪ್ಪಣಿ ಉತ್ತರ ಕೊಡುವುದಿಲ್ಲ, ಯಾವ ವಾಕ್ಯಕ್ಕೆ ಮರಳಬೇಕೆಂದು ಮಾತ್ರ ತೋರಿಸುತ್ತದೆ. ಅಲ್ಲಿಗೆ ಹೋಗಿ, ಹಿಂದಿನ ಮುಂದಿನ ವಾಕ್ಯವನ್ನೂ ಸೇರಿಸಿ ಓದಿಯೇ ಗುರುತು ಹಾಕಿ.