ಪದ ಪರಿಚಯ: ಪರ್ಚೇಸ್ ಬಿಲ್ ಸ್ಕ್ಯಾನ್ ಎಂಟ್ರಿ

ಸಗಟು ವಿತರಕರಿಂದ ಬಂದ ಔಷಧಿಗಳ ಪರ್ಚೇಸ್ ಬಿಲ್ಲನ್ನು ಫೋಟೊ ತೆಗೆದು, ಅದರಲ್ಲಿರುವ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಪ್ರಮಾಣ ಮತ್ತು ಬೆಲೆಗಳನ್ನು ತಂತ್ರಾಂಶದ ಮೂಲಕ ಓದಿಸಿ, ನೇರವಾಗಿ ಅಂಗಡಿಯ ಸ್ಟಾಕಿಗೆ ಸೇರಿಸುವ ಕ್ರಮವನ್ನು ಪರ್ಚೇಸ್ ಬಿಲ್ ಸ್ಕ್ಯಾನ್ ಎಂಟ್ರಿ ಎನ್ನಬಹುದು. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವುದು ಇದರ ಮೊದಲ ಹಂತ. ಗುರುತಿಸಿದ ಅಕ್ಷರಗಳಲ್ಲಿ ಯಾವುದು ಯಾವ ಕಾಲಮ್ಮಿಗೆ ಸೇರಿದ್ದು ಎಂದು ನಿರ್ಧರಿಸುವುದು ಎರಡನೆಯದು. ಹೀಗೆ ಸಿಕ್ಕಿದ ಮೌಲ್ಯಗಳು ಸರಿಯೇ ಎಂದು ಪರೀಕ್ಷಿಸುವುದು ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಅಲ್ಲಿಯೇ.

ಉದಾಹರಣೆಗೆಂದು ಕಲ್ಪಿಸಿಕೊಂಡ ಬಿಲ್ಲಿನ ಒಂದು ಸಾಲನ್ನು ನೋಡೋಣ.

```
PACK  BATCH     EXP    QTY  FREE  MRP    RATE   DISC%  AMOUNT
15'S  GTE2508B  08/27  20   2     42.00  32.00  5      608.00
```

ಇಲ್ಲಿ 20 ಸ್ಟ್ರಿಪ್‌ಗಳಿಗೆ ತಲಾ 32 ರೂಪಾಯಿಯಂತೆ 640 ರೂಪಾಯಿ ಆಗುತ್ತದೆ; ಶೇಕಡಾ 5ರ ರಿಯಾಯಿತಿ ಕಳೆದರೆ 608 ಉಳಿಯುತ್ತದೆ, ಜಿಎಸ್‌ಟಿ ಇದರ ಮೇಲೆ ಬೇರೆ ಬೀಳುತ್ತದೆ. ತಂತ್ರಾಂಶವು ಪ್ರಮಾಣವನ್ನು 26 ಎಂದೋ ದರವನ್ನು 82 ಎಂದೋ ಓದಿದ್ದರೆ ಗುಣಾಕಾರದ ಫಲ 608ಕ್ಕೆ ಹೊಂದುವುದಿಲ್ಲವಾದ್ದರಿಂದ ತಪ್ಪು ಕೂಡಲೇ ಬಯಲಾಗುತ್ತದೆ. ಎಲ್ಲ ಸಾಲುಗಳ ಮೊತ್ತವನ್ನು ಕೂಡಿ ಬಿಲ್ಲಿನ ಕೆಳಗೆ ಜಿಎಸ್‌ಟಿ ಸೇರಿಸುವ ಮೊದಲಿನ ಒಟ್ಟು ಮೊತ್ತದೊಂದಿಗೆ ತಾಳೆ ನೋಡಿದರೆ, ಒಂದು ಸಾಲು ಪೂರ್ತಿಯಾಗಿ ಬಿಟ್ಟುಹೋಗಿದ್ದರೂ ತಿಳಿಯುತ್ತದೆ.

ಆದರೆ ಈ ಲೆಕ್ಕದ ಕಾವಲು ಎಲ್ಲ ಕಾಲಮ್ಮುಗಳಿಗೂ ಇಲ್ಲ. ಉಚಿತವಾಗಿ ಬಂದ 2 ಸ್ಟ್ರಿಪ್‌ಗಳನ್ನು ತಂತ್ರಾಂಶ ಕಾಣದೇ ಹೋದರೂ ಮೊತ್ತ 608 ಎಂದೇ ಸರಿಹೊಂದುತ್ತದೆ. ಆಗ ಸ್ಟಾಕಿನಲ್ಲಿ 22ರ ಬದಲು 20 ಸ್ಟ್ರಿಪ್ ಮಾತ್ರ ಏರುತ್ತದೆ, ಜಿಎಸ್‌ಟಿ ಬಿಟ್ಟು ಸುಮಾರು 27.64 ರೂಪಾಯಿ ಆಗಬೇಕಿದ್ದ ಸ್ಟ್ರಿಪ್ಪಿನ ಕೊಂಡ ಬೆಲೆ 30.40 ಎಂದು ದಾಖಲಾಗುತ್ತದೆ. ಸ್ಕೀಮಿನ ಮಾಲನ್ನು ಕೆಲವು ವಿತರಕರು ಪ್ರತ್ಯೇಕ ಕಾಲಮ್ಮಿನಲ್ಲಿಯೂ, ಕೆಲವರು 20+2 ಎಂದು ಒಂದೇ ಕಾಲಮ್ಮಿನಲ್ಲಿಯೂ, ಇನ್ನು ಕೆಲವರು ದರ ಸೊನ್ನೆ ಇರುವ ಬೇರೊಂದು ಸಾಲಿನಲ್ಲಿಯೂ ತೋರಿಸುವುದರಿಂದ, ಪ್ರತಿ ವಿತರಕರ ಬಿಲ್ಲಿನ ವಿನ್ಯಾಸವನ್ನು ತಂತ್ರಾಂಶದಲ್ಲಿ ಬೇರೆಬೇರೆಯಾಗಿ ಹೊಂದಿಸಿಡುವುದು ಒಳ್ಳೆಯದು. ಪ್ಯಾಕ್ ಕಾಲಮ್ಮನ್ನೂ ಮರೆಯುವಂತಿಲ್ಲ. ಬಿಡಿ ಮಾತ್ರೆ ಮಾರುವ ಅಂಗಡಿಯಲ್ಲಿ ಈ 22 ಸ್ಟ್ರಿಪ್ ಎಂದರೆ 330 ಮಾತ್ರೆ. 15 ಎಂಬುದನ್ನು 10 ಎಂದು ಓದಿದರೆ 110 ಮಾತ್ರೆಗಳು ಲೆಕ್ಕದಿಂದಲೇ ಮಾಯವಾಗುತ್ತವೆ.

ಬ್ಯಾಚ್ ನಂಬರಿನ ವಿಷಯದಲ್ಲಂತೂ ಕೂಡಿಸಿ ಕಳೆದು ನೋಡುವ ದಾರಿಯೇ ಇಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ರಿಬ್ಬನ್ ಸವೆದಿದ್ದರೆ, ಅಥವಾ ಕೈಗೆ ಬಂದದ್ದು ಕಾರ್ಬನ್ ಪ್ರತಿಯಾಗಿದ್ದರೆ, GTE2508B ಎಂಬುದು GTE25088 ಎಂದು ಓದಿಸಿಕೊಳ್ಳುವುದು ತೀರಾ ಸಾಮಾನ್ಯ. B ಮತ್ತು 8, O ಮತ್ತು 0, S ಮತ್ತು 5, I ಮತ್ತು 1 ಸದಾ ತೊಂದರೆ ಕೊಡುವ ಜೋಡಿಗಳು. ತಂತ್ರಾಂಶಕ್ಕೆ ಅದು ಇನ್ನೊಂದು ಹೊಸ ಬ್ಯಾಚ್ ಅಷ್ಟೆ. ಯಾವ ಆಕ್ಷೇಪವೂ ಇಲ್ಲದೆ ಸೇರಿಸಿಕೊಳ್ಳುತ್ತದೆ. ಅವಧಿ ಮೀರಿದ ಮಾಲನ್ನು ಹಿಂದಿರುಗಿಸುವಾಗ ಇದು ತಲೆನೋವಾಗುತ್ತದೆ, ಏಕೆಂದರೆ ತಾನು ಮಾರಿದ ಬ್ಯಾಚ್ ಇದಲ್ಲವೆಂದು ವಿತರಕರು ಕ್ಲೇಮನ್ನು ತಿರಸ್ಕರಿಸಬಹುದು. ಗುಣಮಟ್ಟವಿಲ್ಲದ ಬ್ಯಾಚೊಂದನ್ನು ಹಿಂಪಡೆಯುವ ಸೂಚನೆ ಬಂದಾಗಲಂತೂ ಕಂಪ್ಯೂಟರಿನಲ್ಲಿ ಹುಡುಕಿದರೆ ಆ ಬ್ಯಾಚ್ ಅಂಗಡಿಯಲ್ಲಿಲ್ಲ ಎಂಬ ಉತ್ತರ ಬರುತ್ತದೆ, ಮಾಲು ಮಾತ್ರ ಕಪಾಟಿನಲ್ಲೇ ಇರುತ್ತದೆ.

ಆದ್ದರಿಂದ ಬ್ಯಾಚ್ ನಂಬರನ್ನು ಬಿಲ್ಲಿನ ಚಿತ್ರಕ್ಕಿಂತ ಸ್ಟ್ರಿಪ್ಪಿನ ಮೇಲಿನ ಮುದ್ರಣದೊಂದಿಗೆ ತಾಳೆ ನೋಡುವುದು ಸರಿ. ವಿತರಕರ ಕಚೇರಿಯಲ್ಲೇ ತಪ್ಪು ನಂಬರ್ ಬಿದ್ದಿದ್ದರೆ ಅದೂ ಇದರಿಂದ ಸಿಕ್ಕಿಬೀಳುತ್ತದೆ. ಔಷಧ ನಿಯಮಗಳ ಎಚ್2 ಪಟ್ಟಿಯಲ್ಲಿರುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರಿಂದ ಬಾರ್‌ಕೋಡ್ ಅಥವಾ ಕ್ಯುಆರ್ ಕೋಡ್ ಕಡ್ಡಾಯವಾಗಿದ್ದು, ಅದರಲ್ಲಿ ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ಎರಡೂ ಅಡಕವಾಗಿರುವುದರಿಂದ ಅಂಥ ಔಷಧಿಗಳಿಗೆ ಪ್ಯಾಕನ್ನೇ ಸ್ಕ್ಯಾನ್ ಮಾಡಿ ಹೋಲಿಸಬಹುದು. ಉಳಿದವುಗಳಿಗೆ ಕಣ್ಣೇ ಗತಿ.

ಎಕ್ಸ್‌ಪೈರಿಯಲ್ಲಿ ಓದುವ ತಪ್ಪಿಗಿಂತ ಅರ್ಥೈಸುವ ತಪ್ಪು ಹೆಚ್ಚು. 08/27 ಎಂದರೆ 2027ರ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಪೂರ್ಣ ದಿನಾಂಕ ಕೇಳುವ ತಂತ್ರಾಂಶ ಅದನ್ನು 01-08-2027 ಎಂದು ತುಂಬಿಕೊಂಡರೆ ಮಾಲು ಒಂದು ತಿಂಗಳು ಮೊದಲೇ ಮಾರಾಟಕ್ಕೆ ತಡೆಯಾಗುತ್ತದೆ. 31-08-2027 ಎಂದೇ ದಾಖಲಾಗುವಂತೆ ಮೊದಲೇ ಹೊಂದಿಸಿರಬೇಕು.