ಅನ್ನದ ಉಂಡೆ ನಾಯಿಗೆ ಬೇಡ ಮಾರಾಯ್ರೆ

ಭಾನುವಾರ ರಾತ್ರಿ ಒಂಬತ್ತರ ಮೇಲೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಸುಕ್ಕದ ಎಲುಬಿನವು. "ಡಾಕ್ಟ್ರೇ, ನಾಯಿ ಗಂಟಲಲ್ಲಿ ಸಣ್ಣ ತುಂಡು ಸಿಕ್ಕಿಕೊಂಡಿರಬೇಕು, ಎರಡು ಉಂಡೆ ಅನ್ನ ನುಂಗಿಸಿದ್ದೇವೆ, ಇನ್ನೂ ಕೊಡಬಹುದಾ?" ಎಲುಬು ಹಾಕಿದ್ದಕ್ಕೆ ನನಗೆ ಅಷ್ಟು ಸಿಟ್ಟು ಬರುವುದಿಲ್ಲ. ಉಂಡೆಗೆ ಬರುತ್ತದೆ.

ಬಂಗುಡೆ ಮುಳ್ಳು ಗಂಟಲಿಗೆ ಸಿಕ್ಕಿದಾಗ ಅನ್ನ ಅಗಿಯದೆ ನುಂಗು ಅಂತ ನಮ್ಮ ಅಜ್ಜಿಯಂದಿರು ಹೇಳಿಕೊಟ್ಟಿದ್ದಾರೆ. ಅದು ನಮಗೇ ಎಷ್ಟು ಸರಿ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಆದರೆ ಮುಳ್ಳು ನೂಲಿನ ಹಾಗೆ ತೆಳು. ಆಡಿನ ಬೆನ್ನೆಲುಬಿನ ತುಂಡು ಹಾಗಲ್ಲ, ಕತ್ತಿಯಲ್ಲಿ ಕೊಚ್ಚಿದ ಕಡೆಯೆಲ್ಲ ಅದಕ್ಕೆ ಮೂಲೆ, ಚೂಪು. ನಾಯಿಯ ಅನ್ನನಾಳ ಮೂರು ಕಡೆ ಸುಲಭಕ್ಕೆ ಅಗಲವಾಗುವುದಿಲ್ಲ: ಕುತ್ತಿಗೆ ಎದೆಯೊಳಗೆ ಇಳಿಯುವಲ್ಲಿ, ಹೃದಯದ ಪಕ್ಕ, ಮತ್ತೆ ಹೊಟ್ಟೆ ಸೇರುವ ಸ್ವಲ್ಪ ಮೊದಲು. ತುಂಡು ಅಲ್ಲಿ ಕೂತ ಮೇಲೆ ಉಂಡೆ ಅದನ್ನು ಕೆಳಗೆ ತಳ್ಳುವುದಿಲ್ಲ, ಗೋಡೆಗೆ ಒತ್ತುತ್ತದೆ. ಮೇಲೆ ಅನ್ನ ಕಟ್ಟಿಕೊಳ್ಳುತ್ತದೆ, ವಾಪಸು ಬರುವಾಗ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಕಳೆದ ಮಳೆಗಾಲ ಕಾಪುವಿನ ಕಡೆಯಿಂದ ಒಂದು ಪೊಮೆರೇನಿಯನ್ ಬಂತು, ಆರು ಕಿಲೋ. ಭಾನುವಾರ ಮಧ್ಯಾಹ್ನ ಮಟನ್ ತಿಂದಿದೆ, ಸಂಜೆಯಿಂದ ಜೊಲ್ಲು, ಕುತ್ತಿಗೆ ನೀಡುವುದು, ಸುಮ್ನೆ ನುಂಗಿದ ಹಾಗೆ ಮಾಡುವುದು. ಮನೆಯವರು ರಾತ್ರಿಯಿಡೀ ಅನ್ನ, ಬಾಳೆಹಣ್ಣು, ಕೊನೆಗೆ ವಾಂತಿಯಾಗಲಿ ಅಂತ ಉಪ್ಪುನೀರು. ತಿಂದದ್ದೆಲ್ಲ ಎರಡೇ ನಿಮಿಷದಲ್ಲಿ ಜೀರ್ಣವಾಗದೆ, ಉದ್ದಕ್ಕೆ ಕೊಳವೆಯ ಹಾಗೆ ವಾಪಸು ಬರುತ್ತಿತ್ತು. ಅದನ್ನೇ ಅವರು ವಾಂತಿ ಅಂದದ್ದು. ವಾಂತಿಯಲ್ಲಿ ಹೊಟ್ಟೆ ಹಿಂಡುತ್ತದೆ, ಹಳದಿ ನೀರೂ ಬರಬಹುದು. ಇದು ಹೊಟ್ಟೆಗೆ ತಲುಪಿಯೇ ಇರಲಿಲ್ಲ. ಈ ವ್ಯತ್ಯಾಸ ಫೋನಿನಲ್ಲಿ ಹೇಳಿದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ. ಉಪ್ಪುನೀರಂತೂ ಯಾವತ್ತೂ ಬೇಡ, ಸಣ್ಣ ನಾಯಿಗೆ ಆ ಉಪ್ಪೇ ವಿಷ. ಚೂಪು ಎಲುಬು ವಾಂತಿಯಲ್ಲಿ ಮೇಲೆ ಬಂದರೂ ಬರುವ ದಾರಿಯಲ್ಲಿ ಕೊಯ್ಯಬಹುದು.

ಎಕ್ಸ್‌ರೇಯಲ್ಲಿ ಹೃದಯದ ಹಿಂದೆ ಬಿಳಿ ತುಂಡು, ಅದರ ಮೇಲೆ ಅನ್ನದ ಗುಡ್ಡೆ. ಎಂಡೋಸ್ಕೋಪಿ ನನ್ನ ಹತ್ತಿರ ಇಲ್ಲ, ಮಂಗಳೂರಿಗೆ ಕಳಿಸಿದೆ. ಅರಿವಳಿಕೆ ಕೊಟ್ಟು ಎಳೆದರೂ ಬರಲಿಲ್ಲ, ನಿಧಾನಕ್ಕೆ ಹೊಟ್ಟೆಗೆ ತಳ್ಳಿ ಬಿಟ್ಟರು. "ಬಿಟ್ಟೇ ಬಂದ್ರಾ?" ಅಂತ ಮನೆಯವರಿಗೆ ಗಾಬರಿ. ಎಲುಬು ಹೊಟ್ಟೆಯ ಆಮ್ಲದಲ್ಲಿ ಸಾಮಾನ್ಯವಾಗಿ ಕೆಲವು ದಿನದಲ್ಲಿ ಕರಗುತ್ತದೆ, ಅನ್ನನಾಳದಲ್ಲಿ ಆಮ್ಲ ಇಲ್ಲ. ವಾರದ ನಂತರದ ಎಕ್ಸ್‌ರೇಯಲ್ಲಿ ಅದು ಇರಲಿಲ್ಲ.

ಇನ್ನೊಂದು ಮಾತು ಪ್ರತಿ ವಾರ ಕೇಳುತ್ತೇನೆ: "ಬೇಯಿಸಿದ್ದು ಅಲ್ವಾ, ಮೆತ್ತಗಾಗಿದೆ." ಮೆತ್ತಗಾದದ್ದು ಮಾಂಸ. ಎಲುಬು ಸ್ವಲ್ಪ ಬಾಗುವುದು ಅದರೊಳಗಿನ ನಾರಿನಿಂದ. ಬೆಂದರೆ ಆ ನಾರು ಹಾಳಾಗುತ್ತದೆ, ಆಮೇಲೆ ಎಲುಬು ಬಾಗದೆ ಸೀಳಾಗಿ ಒಡೆಯುತ್ತದೆ. ಕುಕ್ಕರಿನಲ್ಲಿ ಬೆರಳಿಗೆ ಪುಡಿಯಾಗುವಷ್ಟು ಬೇಯಿಸಿದ್ದು ಬೇರೆ, ಆದರೆ ಅದೂ ಜಾಸ್ತಿಯಾದರೆ ಮಲ ಸೀಮೆಸುಣ್ಣದ ಹಾಗೆ ಕಟ್ಟಿ ಎನಿಮಾಕ್ಕೆ ಬರುತ್ತದೆ. ಬೀದಿನಾಯಿಗೆ ಏನೂ ಆಗುವುದಿಲ್ಲ ಅಂತೀರಿ. ಆದದ್ದನ್ನು ನೀವು ನೋಡಿಲ್ಲ ಅಷ್ಟೇ.

ಹಾಗಾದರೆ ಕಚ್ಚಲಿಕ್ಕೆ ಏನು ಕೊಡುವುದು? ನಿಮ್ಮ ಉಗುರು ಒತ್ತಿ ನೋಡಿ, ಸ್ವಲ್ಪವಾದರೂ ಗುರುತು ಬೀಳಬೇಕು. ಬೀಳದಷ್ಟು ಗಟ್ಟಿ ಇದ್ದರೆ ಮೇಲಿನ ದೊಡ್ಡ ದವಡೆ ಹಲ್ಲು ಸೀಳಬಹುದು, ಹಸಿ ಕಾಲೆಲುಬಿಗೂ ಈ ತೊಂದರೆ ಇದೆ. ಇಡೀ ಬಾಯೊಳಗೆ ಹೋಗದಷ್ಟು ದೊಡ್ಡ, ಗಟ್ಟಿ ರಬ್ಬರಿನ ಆಟಿಕೆ ಸಾಕು. ಚೂರು ಕಿತ್ತುಬಂದರೆ ಎಸೆಯಿರಿ. ತೆಂಗಿನ ಸಿಪ್ಪೆ, ಮಾವಿನ ಗೊರಟು ಆಟಿಕೆ ಅಲ್ಲ. ಗೊರಟು ಕರುಳಲ್ಲಿ ನಿಂತರೆ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಅಂಥ ನಾಯಿ ಮೊದಲ ದಿನ ಚೆನ್ನಾಗೇ ಇರಬಹುದು, ಆಮೇಲೆ ಊಟ ಬಿಡುತ್ತದೆ, ಮತ್ತೆ ಮತ್ತೆ ವಾಂತಿ, ಹೊಟ್ಟೆ ಮುಟ್ಟಿದರೆ ಬಿಗಿ ಹಿಡಿಯುತ್ತದೆ. ಗ್ಯಾಸ್ ಅಂತ ಎರಡು ದಿನ ಕಾಯಬೇಡಿ. ಉಸಿರೇ ಸಿಗದೆ ಒಸಡು ನೀಲಿಯಾಗುತ್ತಿದ್ದರೆ ಅದು ಶ್ವಾಸನಾಳದ ವಿಷಯ, ಆಗ ಫೋನು ಮಾಡುತ್ತಲೇ ಹೊರಡಿ.

ಕಾಪುವಿನ ಪೊಮೆರೇನಿಯನ್ ಮೂರು ವಾರದ ನಂತರ ಮತ್ತೆ ಬಂತು. ಗಂಜಿ ಇಳಿಯುತ್ತದೆ, ಅನ್ನ ಇಳಿಯುವುದಿಲ್ಲ. ಗಾಯ ಮಾಗುವಾಗ ಅನ್ನನಾಳ ಕಿರಿದಾಗಿತ್ತು. ಎರಡು ಸಲ ಬಲೂನು ಹಾಕಿ ಹಿಗ್ಗಿಸಿದರು. ಈಗಲೂ ಅದಕ್ಕೆ ಊಟ ಮಿಕ್ಸಿಯಲ್ಲಿ ರುಬ್ಬಿಯೇ.