ಪಾಯದ ಡ್ರಾಯಿಂಗ್: ಯಾವುದನ್ನು ಕೇಳಬೇಕು, ಯಾವುದನ್ನು ಅಂದುಕೊಂಡು ಬರೆಯಬೇಕು

‘ಸರ್, 30-40 ಸೈಟು, ಕೆಳಗೊಂದು ಮೇಲೊಂದು ಮನೆ. ಸೋಮವಾರ ಗುದ್ದಲಿ ಪೂಜೆ ಐತೆ. ಕಾಲಂ ಡ್ರಾಯಿಂಗ್ ಬೇಗ ಕಳಿಸ್ರಿ.’ ಜೊತೆಗೆ ಮಡಚಿ ಸುಕ್ಕಾದ ಪ್ಲಾನಿನ ಒಂದು ಫೋಟೊ. ದಾವಣಗೆರೆಯಲ್ಲಿ ಸ್ಟ್ರಕ್ಚರಲ್ ಡಿಸೈನ್ ಮಾಡುವ ನಮ್ಮಂಥವರಿಗೆ ಕೆಲಸ ಬರುವುದು ಹೆಚ್ಚಾಗಿ ಹೀಗೆಯೇ. ಮಣ್ಣು ಎಂಥದ್ದು, ಮುಂದೆ ಇನ್ನೊಂದು ಮಹಡಿ ಬರುತ್ತದಾ, ನೀರಿನ ಟ್ಯಾಂಕ್ ಎಲ್ಲಿ ಕೂರುತ್ತದೆ, ಯಾವುದೂ ಅದರಲ್ಲಿ ಇರುವುದಿಲ್ಲ.

ಕೆಲವರು ಏನೂ ಕೇಳದೆ ಗೀಚಿ ಕಳಿಸುತ್ತಾರೆ. ಇನ್ನು ಕೆಲವರು, ಅದರಲ್ಲೂ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಇಪ್ಪತ್ತು ಪ್ರಶ್ನೆಗಳ ಪಟ್ಟಿ ಕಳಿಸುತ್ತಾರೆ. ಅದಕ್ಕೆ ಬರುವ ಉತ್ತರ ಒಂದೇ: ‘ಅದೆಲ್ಲ ನಮಗೇನು ಗೊತ್ತು, ನೀವೇ ನೋಡಿ ಹಾಕ್ರಿ.’ ಅಲ್ಲಿಗೆ ಇಪ್ಪತ್ತು ಪ್ರಶ್ನೆಯ ನಡುವೆ ಇದ್ದ ನಿಜವಾಗಿ ಬೇಕಾದ ಒಂದು ಪ್ರಶ್ನೆಯೂ ಮುಳುಗಿ ಹೋಯಿತು.

ಕೇಳುವ ಮೊದಲು ನಾನು ನೋಡುವುದು ಇಷ್ಟೇ. ಉತ್ತರ ಬೇರೆಯಾದರೆ ಡ್ರಾಯಿಂಗ್ ಬದಲಾಗುತ್ತದಾ? ಬದಲಾಗುತ್ತದೆ ಅಂದರೆ, ಎದುರಿಗಿರುವವರಿಗೆ ಉತ್ತರ ಗೊತ್ತಿರಲು ಸಾಧ್ಯವಾ? ನಾನು ಅಂದುಕೊಂಡದ್ದು ತಪ್ಪಾದರೆ ಅದು ಕಾಂಕ್ರೀಟ್ ಹಾಕುವ ಮೊದಲು ಗೊತ್ತಾಗುತ್ತದಾ, ಆಮೇಲಾ? ಈ ಕೊನೆಯದೇ ಹೆಚ್ಚಿನ ಸಲ ತೀರ್ಮಾನ ಮಾಡುತ್ತದೆ.

ಮೇಲಿನ ಮನೆಯನ್ನೇ ತೆಗೆದುಕೊಳ್ಳೋಣ. ನಡುವಿನ ಒಂದು ಕಾಲಂ ಸುಮಾರು 12 ಚದರ ಮೀಟರ್ ಜಾಗದ ಭಾರ ಹೊರುತ್ತದೆ ಅನ್ನಿ. ಸ್ಲ್ಯಾಬು, ಗೋಡೆ, ಬೀಮು, ಜನ, ಸಾಮಾನು ಎಲ್ಲ ಸೇರಿ ಒಂದು ಮಹಡಿಗೆ ಅಂದಾಜು 15 ಟನ್. ಎರಡು ಮಹಡಿಗೆ 30 ಟನ್. ಕಾಲಂ ಕೆಳಗೆ ಮಣ್ಣಿನ ಮೇಲೆ ಕೂರುವ ಅಗಲದ ಕಾಂಕ್ರೀಟ್ ಪಾದವೇ ಫೂಟಿಂಗ್. ಅದರ ಸ್ವಂತ ಭಾರಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 33. ಮಣ್ಣು ಒಂದು ಚದರ ಮೀಟರಿಗೆ 15 ಟನ್ ತಡೆಯುತ್ತದೆ ಅಂದರೆ 2.2 ಚದರ ಮೀಟರ್ ಬೇಕು. ಅಂದರೆ 5 ಅಡಿಗೆ 5 ಅಡಿ ಫೂಟಿಂಗ್.

ಈಗ ಮುಂದೊಂದು ದಿನ ಮೂರನೇ ಮನೆ ಏಳುತ್ತದೆ ಅಂತಿಟ್ಟುಕೊಳ್ಳಿ. ಭಾರ 45 ಟನ್, ಫೂಟಿಂಗ್ ಸೇರಿ ಸುಮಾರು 50. ಅದಕ್ಕೆ 3.3 ಚದರ ಮೀಟರ್ ಬೇಕು, ಅಂದರೆ 6 ಅಡಿಗೆ 6 ಅಡಿ. ಮಹಡಿ ಎರಡೇ ಇದ್ದು ಮಣ್ಣು 15ರ ಬದಲು 10 ಟನ್ ಮಾತ್ರ ತಡೆಯುವಂಥದ್ದಾದರೂ ಲೆಕ್ಕ ಅಲ್ಲಿಗೇ ಬರುತ್ತದೆ, 6 ಅಡಿ. ಎರಡೂ ಒಟ್ಟಿಗೆ ಬಂದರೆ ಏಳೂವರೆ ಅಡಿ.

ಮಹಡಿ, ಮಣ್ಣು, ಎರಡೂ ಡ್ರಾಯಿಂಗನ್ನು ಒಂದೇ ಅಳತೆಗೆ ಬದಲಾಯಿಸುತ್ತವೆ. ಆದರೂ ನಾನು ಮಹಡಿಯ ವಿಷಯ ಕೇಳುತ್ತೇನೆ, ಮಣ್ಣಿನ ವಿಷಯ ಅಂದುಕೊಂಡು ಬರೆಯುತ್ತೇನೆ. ಯಾಕೆ ಅಂದರೆ ಮಣ್ಣು ಹೇಗಿದ್ದರೂ ಗುಂಡಿ ತೆಗೆದ ದಿನ ಕಣ್ಣಿಗೆ ಬೀಳುತ್ತದೆ. ಕಾಂಕ್ರೀಟ್ ಇನ್ನೂ ಬಿದ್ದಿರುವುದಿಲ್ಲ, ತಿದ್ದಬಹುದು. ಮೂರನೇ ಮನೆಯ ಆಸೆ ಮಾತ್ರ ಯಾವ ಗುಂಡಿ ತೋಡಿದರೂ ಸಿಗುವುದಿಲ್ಲ. ಅದು ಯಜಮಾನರ ತಲೆಯಲ್ಲಿದೆ. ಹೊರಗೆ ಬರುವುದು ಮಗನ ಮದುವೆ ಗೊತ್ತಾದಾಗ. ಅಷ್ಟರಲ್ಲಿ ಫೂಟಿಂಗ್ ನೆಲದೊಳಗೆ ಹೋಗಿ ಎಷ್ಟೋ ವರ್ಷ ಆಗಿರುತ್ತದೆ.

‘ಕೇಳೋದ್ಯಾಕೆ, ಸೇಫ್ ಸೈಡ್ ಮೂರಕ್ಕೇ ಹಾಕಿಬಿಡಿ’ ಅನ್ನುವವರಿದ್ದಾರೆ. ಸೇಫ್ ಸೈಡ್ ಕೂಡ ಅಂದುಕೊಂಡದ್ದೇ ಅಲ್ವಾ? ಅದರ ಬಿಲ್ಲು ಮನೆಯವರಿಗೆ ಹೋಗುತ್ತದೆ. 15 ಇಂಚು ದಪ್ಪದ ಫೂಟಿಂಗನ್ನು 5 ಅಡಿಯಿಂದ 6 ಅಡಿಗೆ ಒಯ್ದರೆ ಒಂದೊಂದಕ್ಕೂ ಸುಮಾರು 14 ಘನ ಅಡಿ ಕಾಂಕ್ರೀಟ್ ಜಾಸ್ತಿ. ಹನ್ನೆರಡು ಕಾಲಮ್ಮಿಗೆ ಲೆಕ್ಕ ಹಾಕಿ. ಕಬ್ಬಿಣ ಬೇರೆ, ಕಾಲಮ್ಮಿನ ರಾಡು ಬೇರೆ. ಹೇಳದೆ ಹಾಕಿದರೆ ಅವರು ಬೇಕು ಅನ್ನದ ಮನೆಗೆ ದುಡ್ಡು ಕೊಟ್ಟಂತಾಯಿತು.

ಕೇಳುವ ರೀತಿಯೂ ಮುಖ್ಯ. ‘ಮುಂದೆ ಮೇಲೆ ಕಟ್ಟುವ ಯೋಚನೆ ಇದೆಯಾ?’ ಅಂದರೆ ಎಲ್ಲರೂ ‘ನೋಡೋಣ’ ಅನ್ನುತ್ತಾರೆ. ಆ ಉತ್ತರ ಇಟ್ಟುಕೊಂಡು ಏನೂ ಮಾಡಲಾಗದು. ನಾನು ಫೋನಿನಲ್ಲಿ ಹೀಗೆ ಹೇಳುತ್ತೇನೆ: ‘ಯಜಮಾನ್ರೇ, ಈಗ ಎರಡು ಮನೆಗೆ ಪಾಯ ಹಾಕ್ತಿದೀನಿ. ಆಮೇಲೆ ಮೂರನೇದು ಬೇಕು ಅಂದ್ರೆ ಈ ಪಾಯ ತಡೆಯಲ್ಲ. ಈಗಲೇ ಮೂರಕ್ಕೆ ಹಾಕಿದ್ರೆ ಇಷ್ಟು ಕಾಂಕ್ರೀಟು, ಇಷ್ಟು ಕಬ್ಬಿಣ ಜಾಸ್ತಿ. ಯಾವುದು ಮಾಡ್ಲಿ?’ ಆಗ ಅವರು ಮನೆಯಲ್ಲಿ ಕೂತು ಮಾತಾಡುತ್ತಾರೆ. ಮರುದಿನ ‘ಇಬ್ಬರು ಗಂಡು ಮಕ್ಕಳು ಇದಾರೆ, ಮೂರಕ್ಕೇ ಹಾಕಿ’ ಅಂತಲೋ, ‘ಬೇಡ್ರೀ, ಎರಡೇ ಸಾಕು’ ಅಂತಲೋ ಉತ್ತರ ಬರುತ್ತದೆ. ಎರಡರಲ್ಲಿ ಯಾವುದು ಬಂದರೂ ನನ್ನ ಕೆಲಸ ಮುಂದೆ ಸಾಗುತ್ತದೆ. (ಮೂರನೇ ಮಹಡಿಗೆ ಪರವಾನಗಿ ಸಿಗುತ್ತದಾ ಅನ್ನುವುದು ಬೇರೆ ಮಾತು. ಅದನ್ನೂ ಅದೇ ಫೋನಿನಲ್ಲಿ ಹೇಳಿಬಿಡುವುದು ಒಳ್ಳೆಯದು.)

ಮಣ್ಣಿನ ವಿಷಯಕ್ಕೆ ಬರೋಣ. ‘ನಿಮ್ಮ ಸೈಟಿನ ಬೇರಿಂಗ್ ಕೆಪ್ಯಾಸಿಟಿ ಎಷ್ಟು?’ ಅಂತ ಮನೆ ಕಟ್ಟಿಸುವವರನ್ನು ಕೇಳುವುದು ಸುಮ್ನೆ ಕಂಠಶೋಷಣೆ. ಆದರೆ ಮೇಸ್ತ್ರಿಗೆ ಅಕ್ಕಪಕ್ಕ ಗೊತ್ತಿರುತ್ತದೆ. ‘ಪಕ್ಕದ ಸೈಟಿನವರು ಪಾಯ ತೋಡಿದಾಗ ಎಷ್ಟು ಅಡಿಗೆ ಗರಸು ಸಿಕ್ತು?’ ಅಂದರೆ ಥಟ್ಟನೆ ಹೇಳುತ್ತಾರೆ. ಗೊತ್ತಿಲ್ಲದವರನ್ನು ಕೇಳುವ ಬದಲು, ಅವರು ಕಣ್ಣಾರೆ ಕಂಡದ್ದನ್ನು ಕೇಳುವುದು. ದಾವಣಗೆರೆಯ ಸುತ್ತ ಭದ್ರಾ ನಾಲೆಯ ನೀರುಂಡ ಗದ್ದೆಗಳು ಈಗ ಲೇಔಟ್ ಆಗಿವೆ. ಅಂಥ ಕಡೆ ಮೇಲೆ ಕಪ್ಪು ಎರೆ ಮಣ್ಣು ಇರಬಹುದು ಅಂತ ಮೊದಲೇ ಅನುಮಾನ ಇಟ್ಟುಕೊಳ್ಳಬೇಕು. ಚಿತ್ರದುರ್ಗದ ಬೆಟ್ಟದ ಬುಡದಲ್ಲಾದರೆ ಗುದ್ದಲಿಗೆ ಬೇಗನೆ ಗಟ್ಟಿ ನೆಲ ತಾಗುತ್ತದೆ. ಅಲ್ಲಿನ ಲೆಕ್ಕ ಇಲ್ಲಿಗೆ ತರಬಾರದು.

ಮೇಸ್ತ್ರಿ ‘5 ಅಡಿಗೆ ಗರಸು’ ಅಂದರು ಅನ್ನಿ. ನಾನು ಫೂಟಿಂಗ್ ಟೇಬಲ್ಲಿನ ಪಕ್ಕದಲ್ಲೇ ಬಾಕ್ಸ್ ಹಾಕಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ: ‘5 ಅಡಿ ಆಳದಲ್ಲಿ ಗಟ್ಟಿ ಗರಸು ಸಿಗುತ್ತದೆ, ಅದು ಚದರ ಮೀಟರಿಗೆ 15 ಟನ್ ತಡೆಯುತ್ತದೆ ಎಂದುಕೊಂಡು ಈ ಅಳತೆ ಕೊಟ್ಟಿದೆ. ಮಣ್ಣು ಪರೀಕ್ಷೆ ಆಗಿಲ್ಲ. 5 ಅಡಿಗೂ ಕಪ್ಪು ಮಣ್ಣೇ ಇದ್ದರೆ ಬೆಡ್ ಕಾಂಕ್ರೀಟ್ ಹಾಕಬೇಡಿ, ಗುಂಡಿಯ ಫೋಟೊ ಕಳಿಸಿ ಫೋನ್ ಮಾಡಿ.’ ಏನು ಅಂದುಕೊಂಡಿದ್ದೇನೆ, ತಪ್ಪಾಗಿದ್ದರೆ ಹೇಗೆ ಗೊತ್ತಾಗುತ್ತದೆ, ಗೊತ್ತಾದಾಗ ಯಾರು ಎಲ್ಲಿ ನಿಲ್ಲಿಸಬೇಕು, ಎಲ್ಲವೂ ಅದರಲ್ಲಿದೆ. ಹೆಚ್ಚಿನ ಡ್ರಾಯಿಂಗುಗಳಲ್ಲಿ ಇದೇ ಮಾತು ಮೂಲೆಯ ಜನರಲ್ ನೋಟ್ಸಿನಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹದಿನಾಲ್ಕನೆಯದಾಗಿ ಕೂತಿರುತ್ತದೆ. ಅದನ್ನು ಬರೆದವರು ಮುಂದೆ ಜಗಳ ಬಂದರೆ ಇರಲಿ ಅಂತ ಬರೆದದ್ದು, ಗುಂಡಿಯ ಹತ್ತಿರ ನಿಂತವರು ಓದಲಿ ಅಂತ ಅಲ್ಲ.

ಎರೆ ಮಣ್ಣು ಆಳಕ್ಕೆ ಇಳಿದಿದ್ದರೆ ಈ ಅಂದುಕೊಳ್ಳುವ ಆಟ ಅಲ್ಲಿಗೆ ಮುಗಿಯಿತು. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣದು. ಅಲ್ಲಿ 15ರ ಬದಲು 10 ಅಂತ ಬರೆದುಕೊಂಡರೆ ಸಾಲದು. ಭಾರ ತಡೆಯುವುದು ಒಂದು ತೊಂದರೆ, ಕೆಳಗಿನಿಂದ ಎತ್ತುವುದು ಇನ್ನೊಂದು. ಲ್ಯಾಬಿನಲ್ಲಿ ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಒಣಗಿಸಿ ಜರಡಿ ಹಿಡಿದ ನಯವಾದ ಮಣ್ಣನ್ನು ಹತ್ತತ್ತು ಗ್ರಾಮಿನಂತೆ ಎರಡು ಗಾಜಿನ ಜಾಡಿಗೆ ಹಾಕುತ್ತಾರೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಕಳೆದ ಮೇಲೆ ಎರಡರ ಮಟ್ಟ ನೋಡುತ್ತಾರೆ. ಸೀಮೆಎಣ್ಣೆಯಲ್ಲಿ 10 ಮಿಲಿ ಇದ್ದದ್ದು ನೀರಿನಲ್ಲಿ 16 ಆಗಿದ್ದರೆ ಉಬ್ಬು 60 ಪರ್ಸೆಂಟ್. ಈ ಸಂಖ್ಯೆಯನ್ನು ಯಾರ ಬಾಯಿಂದಲೂ ಕೇಳಿ ತಿಳಿಯಲಾಗದು, ಅಂದುಕೊಳ್ಳಲೂ ಬಾರದು. ಮಣ್ಣು ಕೊಟ್ಟು ಕಳಿಸಬೇಕು, ಅಷ್ಟೇ.

ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ನಮ್ಮ ಕಡೆಯದ್ದೇ. ‘ಮೇಲಿನ ಮಹಡಿಯಲ್ಲಿ ಮೂಟೆ ಇಡ್ತೀರಾ?’ ವಾಸದ ಕೋಣೆಗೆ ಭಾರದ ಲೆಕ್ಕದ ಕೋಡ್ ಐಎಸ್ 875 ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ಮೆಕ್ಕೆಜೋಳವನ್ನು ಮೀಟರ್ ಎತ್ತರಕ್ಕೆ ಪೇರಿಸಿದರೆ 700 ಕೆಜಿ ಆಸುಪಾಸು. ಮೂರು ಪಟ್ಟಿಗೂ ಜಾಸ್ತಿ. ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡು ಪಟ್ಟಣದಲ್ಲಿ ಮನೆ ಕಟ್ಟಿಸುವವರಿಗೆ ‘ಒಂದು ರೂಮು ಸುಮ್ನೆ ಖಾಲಿ ಇರಲಿ’ ಅನ್ನುವ ಅಭ್ಯಾಸ ಉಂಟು. ಆ ಖಾಲಿ ರೂಮು ಯಾವುದಕ್ಕೆ ಅಂತ ಪ್ಲಾನ್ ಹೇಳುವುದಿಲ್ಲ.

ಉಳಿದದ್ದಕ್ಕೆ ಯಾರ ತಲೆಯೂ ತಿನ್ನಬೇಕಾಗಿಲ್ಲ. ಫೂಟಿಂಗಿಗೆ ಎಂ25 ಕಾಂಕ್ರೀಟ್, ರಾಡಿನ ಹೊರಗೆ 50 ಮಿಮೀ ಕವರ್, 2016ರ ಐಎಸ್ 1893ರ ಪ್ರಕಾರ ದಾವಣಗೆರೆ ಭೂಕಂಪದ ಎರಡನೇ ವಲಯ. ಇವೆಲ್ಲ ಕೋಡಿನಲ್ಲೇ ಇವೆ. ಟ್ಯಾಂಕ್ ಮಾತ್ರ ನಡುವಿನದು. ಸಾವಿರ ಲೀಟರ್ ಅಂದರೆ ನೀರೇ ಒಂದು ಟನ್. ಮೆಟ್ಟಿಲಿನ ಮೇಲಿನ ಸ್ಲ್ಯಾಬಿನಲ್ಲಿ ಇಡುತ್ತಾರೆ ಅಂದುಕೊಂಡು ಜಾಗ ಗುರುತು ಹಾಕಿ ಕೊಡುತ್ತೇನೆ. ಬೇರೆ ಕಡೆ ಬೇಕಾದರೆ ಆ ಸ್ಲ್ಯಾಬಿಗೆ ಸೆಂಟ್ರಿಂಗ್ ಹೊಡೆಯುವ ತನಕ ಟೈಮ್ ಇದೆ.

ಹಾಗಾದರೆ ಯಜಮಾನರ ಉತ್ತರ ಬರುವ ತನಕ ಮೇಸ್ತ್ರಿ ಕೈಕಟ್ಟಿ ಕೂರಬೇಕಾ? ಬೇಡ. ಉತ್ತರ ಏನೇ ಬಂದರೂ ಬದಲಾಗದ ಭಾಗವನ್ನು ಮೊದಲು ಕೊಡಬಹುದು. ಕಾಲಮ್ಮಿನ ಸೆಂಟರ್ ಲೈನ್ ಡ್ರಾಯಿಂಗ್ ಅವತ್ತೇ ಹೋಗುತ್ತದೆ. ಸೋಮವಾರ ಪೂಜೆ ಆಗಲಿ, ಮಾರ್ಕಿಂಗ್ ಆಗಲಿ. ಮೂಲೆಯಲ್ಲೊಂದು, ಹಿಂಭಾಗದಲ್ಲೊಂದು ಗುಂಡಿ ಮಾತ್ರ ತೆಗೆಯಲಿ. ಫೂಟಿಂಗ್ ಟೇಬಲ್ಲನ್ನು ಮಾತ್ರ ನಾನು ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಮಹಡಿಯ ವಿಷಯದಲ್ಲಿ ಸುಮ್ಮನಿದ್ದರೆ ಒಪ್ಪಿದರು ಅಂತ ನಾನು ತಿಳಿಯುವುದಿಲ್ಲ. ಮಣ್ಣಿನ ಫೋಟೊ, ಯಜಮಾನರ ಮಾತು ಎರಡೂ ಮಂಗಳವಾರ ಸಂಜೆಯೊಳಗೆ ಸೇರಿದರೆ ಬುಧವಾರ ಟೇಬಲ್ ಸಿಗುತ್ತದೆ. ಮೂರು ಮಹಡಿ ಬೇಕು ಅಂತಾಗಿ ಗುಂಡಿಯಲ್ಲೂ ನೆಲ ಮೆತ್ತಗೆ ಕಂಡರೆ ಲೆಕ್ಕ ಏಳೂವರೆ ಅಡಿಗೆ ಹೋಗುತ್ತದೆ. ಆಗ ಬೌಂಡರಿಯ ಕಾಲಮ್ಮಿನ ಫೂಟಿಂಗ್ ಪಕ್ಕದ ಸೈಟಿನೊಳಕ್ಕೆ ನುಗ್ಗುತ್ತದೆ. ಎರಡು ಕಾಲಂ ಸೇರಿಸಿ ಒಂದೇ ಫೂಟಿಂಗ್ ಮಾಡಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಇನ್ನೆರಡು ದಿನ ಕೇಳಲು ನನಗೆ ಸಂಕೋಚ ಇಲ್ಲ.

ಅಂದುಕೊಂಡದ್ದು ಬದಲಾದರೆ ಬಾಕ್ಸಿನೊಳಗಿನ ಮಾತನ್ನೂ ಬದಲಾಯಿಸಿ, ತಾರೀಖು ಹಾಕಿ, ‘ತಿದ್ದುಪಡಿ 1’ ಅಂತ ಬರೆದು ಕಳಿಸುತ್ತೇನೆ. ಹೊಸದು ಕಳಿಸಿದರೆ ಸಾಲದು, ಹಳೆಯದು ಸೈಟಿನಿಂದ ಹೋಗಬೇಕು. ಬಾರ್ ಬೆಂಡರ್ ಮೊದಲ ದಿನ ತೆಗೆಸಿದ ಜೆರಾಕ್ಸನ್ನು ಸಿಮೆಂಟ್ ಚೀಲದ ಕೆಳಗೆ ಮಡಚಿ ಇಟ್ಟಿರುತ್ತಾನೆ, 5 ಅಡಿ ಲೆಕ್ಕಕ್ಕೇ ರಾಡು ಕತ್ತರಿಸುತ್ತಿರುತ್ತಾನೆ. ಅದಕ್ಕೇ ಮೇಸ್ತ್ರಿಗೆ ಹೇಳುವುದು: ಹಳೇದು ಹರಿದು ಫೋಟೊ ಹಾಕು, ಆಮೇಲೆ ಹೊಸ ಟೇಬಲ್ ಕಳಿಸ್ತೀನಿ.